ಬ್ಲಿಂಕರ್ ಯಾಕೆ ತಿರುಗುತ್ತಿಲ್ಲ? ಗೇಮ್ ಆಫ್ ಲೈಫ್ ಪ್ರಾಜೆಕ್ಟಿನ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೊದಲ ವರ್ಷದ ಪ್ರಾಜೆಕ್ಟಿಗೆ ಸಿ ಭಾಷೆಯಲ್ಲಿ ಗೇಮ್ ಆಫ್ ಲೈಫ್ ಬರೆದಿದ್ದೇನೆ ಸರ್. ನೆರೆ ಎಣಿಸೋ ಫಂಕ್ಷನ್ ಹತ್ತು ಸಲ ನೋಡಿದೆ, ಸರಿಯಾಗೇ ಇದೆ. 2×2 ಬ್ಲಾಕ್ ಇಟ್ಟರೆ ಅಲುಗಾಡದೆ ನಿಲ್ಲುತ್ತೆ. ಆದರೆ ಒಂದೇ ಸಾಲಿನ ಮೂರು ಕೋಶಗಳ ಬ್ಲಿಂಕರ್ ಇಟ್ಟರೆ, ಪ್ರತಿ ಹೆಜ್ಜೆಗೂ ಅಡ್ಡದಿಂದ ಉದ್ದಕ್ಕೆ, ಉದ್ದದಿಂದ ಅಡ್ಡಕ್ಕೆ ತಿರುಗೋ ಬದಲು ಏನೇನೋ ಆಕಾರ ಬರುತ್ತೆ. ಲೂಪನ್ನು ಕೊನೆಯಿಂದ ಓಡಿಸು ಅಂತ ಸೀನಿಯರ್ ಹೇಳಿದರು. ಅದೂ ಕೆಲಸ ಮಾಡಲಿಲ್ಲ.

ಉತ್ತರ: ನಿಮ್ಮ ಎಣಿಕೆಯಲ್ಲಿ ತಪ್ಪಿಲ್ಲ. ಯಾವ ಅರೇಯನ್ನು ಓದುತ್ತಿದ್ದೀರೋ ಅದರ ಮೇಲೇ ಬರೆಯುತ್ತಿದ್ದೀರಿ, ತಪ್ಪು ಅಲ್ಲಿದೆ. ಇದೇ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಪ್ರತಿ ಸಲವೂ ಎಣಿಸುವ ಫಂಕ್ಷನ್ನನ್ನೇ ಕಳಿಸುತ್ತಾರೆ, ಅದನ್ನು ಕರೆಯುವ ಲೂಪನ್ನು ಯಾರೂ ಕಳಿಸುವುದಿಲ್ಲ. ಆದ್ದರಿಂದ ಈ ಸಲ ಒಂದೊಂದೇ ಕೋಶ ಹಿಡಿದು ತೋರಿಸುತ್ತೇನೆ. ಪೆನ್ನು ಹಾಳೆ ತಗೊಂಡು ಕೂತುಕೊಳ್ಳಿ.

ಜಾನ್ ಕಾನ್ವೇ ಅವರ ಈ ಆಟ 1970ರಲ್ಲಿ ಹೊರಬಂತು. ಚೌಕಳಿಯ ಪ್ರತಿ ಮನೆಯೂ ಒಂದು ಕೋಶ, ಅದು ಬದುಕಿರುತ್ತದೆ ಇಲ್ಲವೇ ಸತ್ತಿರುತ್ತದೆ, ಸುತ್ತಲಿನ ಎಂಟು ಕೋಶಗಳು ಅದರ ನೆರೆ. ನಿಯಮ ನಿಮಗೆ ಗೊತ್ತೇ ಇದೆ: ಬದುಕಿರುವ ಕೋಶಕ್ಕೆ ಬದುಕಿರುವ ನೆರೆ 2 ಅಥವಾ 3 ಇದ್ದರೆ ಉಳಿಯುತ್ತದೆ, ಸತ್ತ ಕೋಶಕ್ಕೆ ಸರಿಯಾಗಿ 3 ಇದ್ದರೆ ಹುಟ್ಟುತ್ತದೆ. ಎಲ್ಲರೂ ಮರೆಯುವುದು ಇನ್ನೊಂದು ಮಾತನ್ನು. ಎಲ್ಲಾ ಕೋಶಗಳೂ ಒಟ್ಟಿಗೆ ಬದಲಾಗಬೇಕು. ಒಂದು ತಲೆಮಾರಿನ ಎಣಿಕೆ ಪೂರ್ತಿ ಹಳೆಯ ಚಿತ್ರದ ಮೇಲೆ ನಡೆಯಬೇಕು.

5×5 ಅರೇ ತಗೊಳ್ಳೋಣ. ಸಾಲು, ಕಾಲಂ ಎರಡೂ 0ರಿಂದ 4. ಬ್ಲಿಂಕರ್ 2ನೇ ಸಾಲಿನಲ್ಲಿ ಅಡ್ಡವಾಗಿ ಇದೆ. `#` ಅಂದರೆ ಬದುಕಿರುವ ಕೋಶ, `.` ಅಂದರೆ ಸತ್ತದ್ದು.

```
.....
.....
.###.
.....
.....
```

ನಿಮ್ಮ ಲೂಪ್ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಹೋಗುತ್ತದೆ. 0ನೇ ಸಾಲಿನಲ್ಲಿ ಏನೂ ಆಗುವುದಿಲ್ಲ. 1ನೇ ಸಾಲಿನ (1,1)ಕ್ಕೆ ಕೆಳಗೆ ಎರಡೇ ನೆರೆ, ಅದು ಸತ್ತೇ ಇರುತ್ತದೆ. (1,2)ಕ್ಕೆ ಕೆಳಗೆ ಮೂರು ನೆರೆ, ಆದ್ದರಿಂದ ಅದು ಹುಟ್ಟುತ್ತದೆ. ಇಲ್ಲಿಯವರೆಗೆ ಎಲ್ಲಾ ಸರಿ.

ಈಗ (1,3)ಕ್ಕೆ ಬನ್ನಿ. ಹಳೆಯ ಚಿತ್ರದಲ್ಲಿ ಅದಕ್ಕೆ ಇರುವುದು ಎರಡೇ ನೆರೆ: (2,2) ಮತ್ತು (2,3). ಅದು ಹುಟ್ಟಬಾರದು. ಆದರೆ ಈಗಷ್ಟೇ ಹುಟ್ಟಿದ (1,2) ಅದರ ಎಡಕ್ಕೇ ಕೂತಿದೆ. ನಿಮ್ಮ ಫಂಕ್ಷನ್ ಅದನ್ನೂ ಸೇರಿಸಿ 3 ಅನ್ನುತ್ತದೆ. ಅರೇಯಲ್ಲಿ ಇರುವುದನ್ನು ಅದು ಸರಿಯಾಗಿಯೇ ಎಣಿಸಿದೆ, ಆದರೆ ಹಳೆಯದೂ ಹೊಸದೂ ಬೆರೆತ ಅರೇಯಲ್ಲಿ. (1,3) ಹುಟ್ಟಿಬಿಡುತ್ತದೆ.

ಒಂದು ತಪ್ಪು ಆಯಿತು ಅಂದರೆ ಮುಂದಿನದೆಲ್ಲಾ ಅದರ ಹಿಂದೆಯೇ ಬರುತ್ತದೆ. (2,1) ಸಾಯಬೇಕಿತ್ತು, ಏಕೆಂದರೆ ಹಳೆಯ ಚಿತ್ರದಲ್ಲಿ ಅದಕ್ಕೆ ಒಂದೇ ನೆರೆ. ಆದರೆ ಹೊಸ (1,2) ಅದರ ಮೂಲೆಯಲ್ಲಿದೆ, ಎಣಿಕೆ 2 ಆಗಿ ಉಳಿದುಕೊಳ್ಳುತ್ತದೆ. ನಡುವಿನ (2,2) ಉಳಿಯಬೇಕಿತ್ತು. ಅದಕ್ಕೀಗ (1,2), (1,3), (2,1), (2,3) ಹೀಗೆ ನಾಲ್ಕು ನೆರೆ, ಸತ್ತುಹೋಗುತ್ತದೆ. (2,3)ಕ್ಕೆ ಮೇಲೆ ಎರಡು ನೆರೆ ಸಿಕ್ಕಿ ಉಳಿಯುತ್ತದೆ. (3,2) ಹುಟ್ಟಬೇಕಿತ್ತು, ಆದರೆ (2,2) ಹೋಗಿರುವುದರಿಂದ ಅದಕ್ಕೆ ಎರಡೇ ನೆರೆ. ಹುಟ್ಟುವುದಿಲ್ಲ.

ಎಡಗಡೆ ಬರಬೇಕಾದದ್ದು, ಬಲಗಡೆ ನಿಮಗೆ ಬರುತ್ತಿರುವುದು:

```
.....      .....
..#..      ..##.
..#..      .#.#.
..#..      .....
.....      .....
```

ನಿಮ್ಮ ಪರದೆಯ ಮೇಲೆ ಒಂದೇ ಹೆಜ್ಜೆ ಓಡಿಸಿ ನೋಡಿ. ಬಲಗಡೆಯ ಚಿತ್ರವೇ ಬಂದರೆ ಬೇರೆ ಕಡೆ ಹುಡುಕಬೇಡಿ.

ಇನ್ನು ನಿಮ್ಮ ಸೀನಿಯರ್ ಹೇಳಿದ ಮದ್ದು. ಲೂಪನ್ನು ಕೊನೆಯಿಂದ ಓಡಿಸಿದರೆ ಇದೇ ತಪ್ಪು ಚಿತ್ರ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಬರುತ್ತದೆ. ಮೊದಲು ಮೇಲಿನ ಸಾಲು ಕೆಡುತ್ತಿತ್ತು, ಈಗ ಕೆಳಗಿನ ಸಾಲು ಕೆಡುತ್ತದೆ, ಅಷ್ಟೇ. ಯಾವ ದಿಕ್ಕಿನಲ್ಲಿ ಹೋದರೂ ಅರ್ಧ ನೆರೆಗಳು ಆಗಲೇ ಬದಲಾಗಿರುತ್ತವೆ. ಇಂಥ ಸಲಹೆ ಕೊಡುವವರು ಒಂದು ಸಲವೂ ಕೈಯಲ್ಲಿ ಬಿಡಿಸಿ ನೋಡಿರುವುದಿಲ್ಲ. ಅದು ನನಗೆ ನಿಜಕ್ಕೂ ಬೇಸರ. ಎರಡು ನಿಮಿಷದ ಕೆಲಸ ಅದು.

ಬ್ಲಾಕ್ ಸರಿಯಾಗಿ ನಿಂತಿತಲ್ಲ ಅಂತ ನಂಬಿದ್ದು ನಿಮ್ಮ ಎರಡನೇ ಎಡವಟ್ಟು. ಬ್ಲಾಕಿನಲ್ಲಿ ಯಾವ ಕೋಶವೂ ಬದಲಾಗುವುದಿಲ್ಲ. ಹಳೆಯ ಚಿತ್ರ, ಹೊಸ ಚಿತ್ರ ಎರಡೂ ಒಂದೇ. ಹಾಗಿರುವಾಗ ಎರಡನ್ನೂ ಬೆರೆಸಿ ಓದಿದರೂ ಏನೂ ಗೊತ್ತಾಗುವುದಿಲ್ಲ. ಅಲುಗಾಡದ ಯಾವ ಆಕಾರವೂ ಈ ತಪ್ಪನ್ನು ಹಿಡಿಯಲಾರದು.

ಪರಿಹಾರ ಎರಡು ಅರೇ. ಒಂದರಲ್ಲಿ ಓದುವುದು, ಇನ್ನೊಂದರಲ್ಲಿ ಬರೆಯುವುದು, ಆಮೇಲೆ ಪಾತ್ರ ಬದಲಿಸುವುದು. ಪಾಯಿಂಟರ್ ಇನ್ನೂ ಸರಿಯಾಗಿ ಕೈಗೆ ಹತ್ತದವರಿಗೆ ನಾನು ಹೀಗೆ ಬರೆಯಲು ಹೇಳುತ್ತೇನೆ:

```c
int g[2][R][C];
int cur = 0;

void step(void) {
    int nxt = 1 - cur;
    for (int r = 0; r < R; r++)
        for (int c = 0; c < C; c++) {
            int n = count(cur, r, c);
            g[nxt][r][c] =
                (n == 3 || (n == 2 && g[cur][r][c]));
        }
    cur = nxt;
}
```

`count` ಬರೀ `g[cur]` ಓದುತ್ತದೆ. ಬರೆಯುವುದು ಬರೀ `g[nxt]`ಗೆ. ಕೊನೆಯ ಸಾಲಿನಲ್ಲಿ ಯಾವ ಕೋಶವನ್ನೂ ನಕಲು ಮಾಡುತ್ತಿಲ್ಲ, ಯಾವುದು ಈಗಿನದು ಅನ್ನುವ ಅಂಕಿ ಮಾತ್ರ ಬದಲಾಗುತ್ತದೆ. ಎರಡು ಅರೇ ಇಟ್ಟರೆ ಮೆಮೊರಿ ಜಾಸ್ತಿ ಆಗುತ್ತೆ ಅಂತ ಹೆದರಿಸುವವರಿದ್ದಾರೆ. 100×100ರ ಒಂದು ಅರೇ, ಪ್ರತಿ `int`ಗೆ 4 ಬೈಟ್ ಹಿಡಿದರೆ, 40,000 ಬೈಟ್. ಎರಡಕ್ಕೆ 80,000. ಅದಕ್ಕೆ ಹೆದರಬೇಕಾಗಿಲ್ಲ.

ಇಲ್ಲಿಗೆ ಬ್ಲಿಂಕರ್ ತಿರುಗುತ್ತದೆ, ನೀವು ಖುಷಿಯಿಂದ ಎದ್ದು ಹೋಗುತ್ತೀರಿ. ಸ್ವಲ್ಪ ತಡೆಯಿರಿ. ಮೇಲಿನ ಕೋಡಿನಲ್ಲಿ ಪ್ರತಿ ಕೋಶಕ್ಕೂ ಏನೋ ಒಂದು ಬರೆದಿದ್ದೇನೆ, 1 ಅಥವಾ 0. ಬಹಳ ಜನ ಇದನ್ನು `if` ಹಾಕಿ, ಬದುಕುವ ಕೋಶಕ್ಕೆ 1 ಬರೆದು, ಸಾಯುವುದನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಮೊದಲ ಹೆಜ್ಜೆಯಲ್ಲಿ ತೊಂದರೆ ಕಾಣುವುದಿಲ್ಲ, ಏಕೆಂದರೆ `g[1]` ಪೂರ್ತಿ ಸೊನ್ನೆ. ಎರಡನೇ ಹೆಜ್ಜೆಯಲ್ಲಿ ಬರೆಯುವುದು `g[0]` ಮೇಲೆ, ಅಲ್ಲಿ ಎರಡು ತಲೆಮಾರು ಹಿಂದಿನ ಚಿತ್ರ ಹಾಗೇ ಕೂತಿರುತ್ತದೆ. ಅಳಿಸದೆ ಬರೆದರೆ ಹಳೆಯ ಕೋಶಗಳೂ ಎದ್ದು ಬರುತ್ತವೆ.

ಈ ತಪ್ಪನ್ನು ಬ್ಲಿಂಕರ್ ಹಿಡಿಯುವುದಿಲ್ಲ! ಅದು ಎರಡು ಹೆಜ್ಜೆಗೆ ಒಮ್ಮೆ ಮೊದಲಿನಂತೆಯೇ ಆಗುತ್ತದಲ್ವಾ. ಉಳಿದುಹೋದ ಹಳೆಯ ಚಿತ್ರವೂ ಬರಬೇಕಾದ ಹೊಸ ಚಿತ್ರವೂ ಒಂದರ ಮೇಲೊಂದು ಸರಿಯಾಗಿ ಕೂತುಬಿಡುತ್ತವೆ. ಇದಕ್ಕೆ ಗ್ಲೈಡರ್ ಬೇಕು.

```
.#.
..#
###
```

ಗ್ಲೈಡರಿನಲ್ಲಿ ಯಾವ ತಲೆಮಾರಿನಲ್ಲೂ 5 ಕೋಶ ಬದುಕಿರುತ್ತವೆ. 4 ಹೆಜ್ಜೆಗೆ ಅದು ಓರೆಯಾಗಿ ಒಂದು ಮನೆ ಸರಿಯುತ್ತದೆ, ಈ ಆಕಾರ ಇಟ್ಟರೆ ಬಲಕ್ಕೆ ಮತ್ತು ಕೆಳಕ್ಕೆ. ಹಳೆಯದು ಅಳಿಯದೆ ಉಳಿದರೆ ಎರಡನೇ ಹೆಜ್ಜೆಯಲ್ಲೇ 5ರ ಬದಲು 7 ಕೋಶ ಕಾಣುತ್ತವೆ. 20×20 ಅರೇಯ ಎಡ ಮೇಲಿನ ಮೂಲೆಯ ಹತ್ತಿರ ಇಟ್ಟು, 40 ಹೆಜ್ಜೆ ಓಡಿಸಿ, ಪ್ರತಿ ಹೆಜ್ಜೆಗೆ ಬದುಕಿರುವ ಕೋಶಗಳ ಸಂಖ್ಯೆ ಪ್ರಿಂಟ್ ಮಾಡಿ. ನಲವತ್ತೂ ಸಲ 5 ಬಂದು, ಗ್ಲೈಡರ್ ಹತ್ತು ಮನೆ ಸರಿದಿದ್ದರೆ ಮಾತ್ರ ನಾನು ಆ ಕೋಡನ್ನು ನಂಬುತ್ತೇನೆ.

ಪೈಥಾನಿನಲ್ಲಿ ಬರೆಯುವವರು ಎರಡು ಅರೇ ಇದೆ ಅಂದುಕೊಂಡಿರುತ್ತಾರೆ, ಇರುವುದು ಒಂದೇ. `new = grid` ಅಂದರೆ ಅದೇ ಲಿಸ್ಟಿಗೆ ಇನ್ನೊಂದು ಹೆಸರು. `new = grid[:]` ಅಂದರೆ ಹೊರಗಿನ ಲಿಸ್ಟ್ ಮಾತ್ರ ಹೊಸದು, ಒಳಗಿನ ಸಾಲುಗಳು ಹಳೆಯವೇ. ಬ್ಲಿಂಕರಿಗೆ ಮತ್ತೆ ಮೇಲಿನ ಬಲಗಡೆಯ ಚಿತ್ರವೇ ಬರುತ್ತದೆ. `[row[:] for row in grid]` ಅಂತ ಪ್ರತಿ ಸಾಲನ್ನೂ ನಕಲು ಮಾಡಿ. ಹಾಗೆಯೇ `[[0]*5]*5` ಬರೆಯಬೇಡಿ. ಅದರಲ್ಲಿ ಐದು ಸಾಲೂ ಒಂದೇ ಸಾಲು. ಒಂದು ಕೋಶಕ್ಕೆ 1 ಕೊಟ್ಟರೆ ಇಡೀ ಕಾಲಂ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ಮೊದಲ ಹೆಜ್ಜೆಯಲ್ಲೇ ಬ್ಲಾಕ್ ಪೂರ್ತಿ ಮಾಯ ಆಗುತ್ತೆ. ಯಾಕೆ?

ಉತ್ತರ: ಕೋಶವನ್ನೇ ಅದರ ನೆರೆ ಅಂತ ಎಣಿಸಿದ್ದೀರಿ, 3 ಇರಬೇಕಾದಲ್ಲಿ 4 ಆಗಿ ನಾಲ್ಕೂ ಸಾಯುತ್ತಿವೆ. ನೆರೆ ಎಷ್ಟು ಸಾಲು, ಎಷ್ಟು ಕಾಲಂ ಆಚೀಚೆ ಇದೆ ಅನ್ನುವ `dr` ಮತ್ತು `dc` ಎರಡೂ 0 ಆದಾಗ `continue` ಹಾಕಿ.

ಪ್ರಶ್ನೆ: ಎಂಟು ನೆರೆಗೆ ಎಂಟು `if` ಬರೆಯಲೇಬೇಕಾ?

ಉತ್ತರ: ಬೇಡ. `dr`, `dc` ಎರಡನ್ನೂ -1ರಿಂದ 1ರವರೆಗೆ ಓಡಿಸಿ.

ಪ್ರಶ್ನೆ: ಒಂದು ಅಂಚಿನಿಂದ ಹೊರಹೋದದ್ದು ಎದುರು ಅಂಚಿನಿಂದ ಒಳಬರಲಿ ಅಂತ `(r + dr) % R` ಹಾಕಿದೆ. ಒಮ್ಮೊಮ್ಮೆ ಸರಿ ಬರುತ್ತೆ, ಒಮ್ಮೊಮ್ಮೆ ಕ್ರ್ಯಾಶ್ ಆಗುತ್ತೆ.

ಉತ್ತರ: ಸಿ ಭಾಷೆಯಲ್ಲಿ `-1 % 5` ಅಂದರೆ -1, 4 ಅಲ್ಲ. 0ನೇ ಸಾಲಿನಲ್ಲಿ ನೀವು ಅರೇಯ ಹೊರಗೆ ಓದುತ್ತಿದ್ದೀರಿ. ಅಲ್ಲಿ ಏನಿರುತ್ತದೆ ಅನ್ನುವುದಕ್ಕೆ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ, ಅದಕ್ಕೇ ಒಂದೊಂದು ಸಲ ಒಂದೊಂದು ಥರ. `(r + dr + R) % R` ಬರೆಯಿರಿ, ಕಾಲಮ್ಮಿಗೂ ಹಾಗೇ. ಪೈಥಾನಿನಲ್ಲಿ `%` ಕೊಡುವುದು 4, ಮತ್ತು `grid[-1]` ಅಂದರೆ ಕೊನೆಯ ಸಾಲು. ಅಂಚಿನ ಆಚೆ ಎಲ್ಲಾ ಸತ್ತಿರಬೇಕು ಅನ್ನುವ ಪ್ರಾಜೆಕ್ಟಿನಲ್ಲಿ ಇದು ಇನ್ನೂ ಅಪಾಯ. ಮೇಲಿನ ಅಂಚಿನಲ್ಲಿ ತಪ್ಪು ಎಣಿಕೆ ಬಂದರೂ ಎರರ್ ಬರುವುದಿಲ್ಲ.

ಪ್ರಶ್ನೆ: ರ್‍ಯಾಂಡಮ್ ಆಗಿ ತುಂಬಿಸಿ ಡೆಮೊ ಕೊಟ್ಟರೆ ಸಾಕಲ್ವಾ? ಪರದೆ ತುಂಬಾ ಚೆನ್ನಾಗಿ ಓಡಾಡುತ್ತೆ.

ಉತ್ತರ: ಸಾಲದು. ಒಂದೇ ಅರೇ ಇಟ್ಟುಕೊಂಡ ತಪ್ಪು ಕೋಡಿನಲ್ಲೂ ಕೋಶಗಳು ಹುಟ್ಟಿ ಸಾಯುತ್ತಲೇ ಇರುತ್ತವೆ, ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಮ್ಮೆ ನಾನೂ ಹೀಗೆ ಓಡಾಟ ನೋಡಿಯೇ ಪೂರ್ತಿ ಅಂಕ ಕೊಟ್ಟಿದ್ದೆ. ಆಮೇಲೆ ಕೋಡ್ ತೆರೆದರೆ ಇದ್ದದ್ದು ಒಂದೇ ಅರೇ. ಅಂದಿನಿಂದ ವೈವಾದಲ್ಲಿ ಮೊದಲು ಬ್ಲಿಂಕರ್ ಕೇಳುತ್ತೇನೆ, ಆಮೇಲೆ ಗ್ಲೈಡರ್. ರ್‍ಯಾಂಡಮ್ ಚಿತ್ರವನ್ನು ಕೊನೆಗೆ ತೋರಿಸಿ.