ಒಳಗಿನ ಗೆರೆಗೆ ಕಾಲದ ದಿಕ್ಕಿಲ್ಲ

ಓದುಗರ ಪತ್ರ: ನಾನು ಬಿ.ಎಸ್ಸಿ. ಕೊನೆಯ ವರ್ಷದ ಭೌತಶಾಸ್ತ್ರ ವಿದ್ಯಾರ್ಥಿನಿ. ಫೈನ್‌ಮನ್ ಚಿತ್ರಗಳಲ್ಲಿ ಒಂದು ಪುಸ್ತಕ ಕಾಲವನ್ನು ಎಡದಿಂದ ಬಲಕ್ಕೆ ತೋರಿಸುತ್ತದೆ, ಇನ್ನೊಂದು ಕೆಳಗಿಂದ ಮೇಲಕ್ಕೆ. ಪಾಸಿಟ್ರಾನಿನ ಬಾಣ ಹಿಂದಕ್ಕೆ ತಿರುಗಿರುತ್ತದೆ. ನಡುವಿನ ಫೋಟಾನ್ ಗೆರೆ ನೆಟ್ಟಗೆ ನಿಂತಿದ್ದರೆ, ಅದು ಕಾಲವೇ ಹಿಡಿಯದೆ ದಾಟಿತು ಅಂತಲಾ? ವರ್ಚುವಲ್ ಕಣ ಸ್ವಲ್ಪ ಹೊತ್ತು ಶಕ್ತಿಯನ್ನು ಸಾಲ ಪಡೆಯುತ್ತದೆ ಅಂತ ವೈವಾದಲ್ಲಿ ಹೇಳಿದೆ. ಪರೀಕ್ಷಕರು ತಪ್ಪು ಅಂದರು. ಯಾಕೆ ಅಂತ ಹೇಳಲಿಲ್ಲ.

ಸಂಪಾದಕರ ಉತ್ತರ:

ಪರೀಕ್ಷಕರು ಹೇಳಿದ್ದು ಸರಿ. ಆದರೆ ಕಾರಣ ಹೇಳದೆ ಬಿಟ್ಟಿದ್ದು ಸರಿಯಲ್ಲ. ಸಾಲದ ಮಾತು ನೀವು ಹುಟ್ಟಿಸಿದ್ದಲ್ಲ, ಎಷ್ಟೋ ಕಡೆ ಅಚ್ಚಾಗಿದೆ. ನಮ್ಮ ಪತ್ರಿಕೆಯಲ್ಲೂ ಬಂದಿದೆ. ಹಾಗಾಗಿ ಇದನ್ನು ಒಂದೇ ಉದಾಹರಣೆ ಇಟ್ಟುಕೊಂಡು, ಅಂಕಿಗಳ ಸಮೇತ ಬಿಡಿಸಿ ನೋಡೋಣ.

ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್. ಎರಡೂ ಎದುರುಬದುರಾಗಿ ಬಂದು, ಒಂದರ ಮೇಲೊಂದು ಪ್ರಭಾವ ಬೀರಿ, ಬೇರೆ ದಿಕ್ಕಿಗೆ ಹೊರಡುತ್ತವೆ. ಕೊನೆಗೂ ಇರುವುದು ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್. ಇದಕ್ಕೆ ಭಾಭಾ ಚದುರಿಕೆ ಎಂದು ಹೆಸರು. ಹೋಮಿ ಭಾಭಾ ಇದರ ಲೆಕ್ಕ ಮಾಡಿದ್ದು 1936ರಲ್ಲಿ. ಫೈನ್‌ಮನ್ ತಮ್ಮ ಚಿತ್ರಗಳನ್ನು ಲೇಖನವಾಗಿ ಪ್ರಕಟಿಸಿದ್ದು 1949ರಲ್ಲಿ. ಅಂದರೆ ಈ ಗೆರೆಗಳು ಬರುವ ಮೊದಲೇ ಇದರ ಉತ್ತರ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ. ಚಿತ್ರ ಅನ್ನುವುದು ಲೆಕ್ಕವನ್ನು ಬರೆಯುವ ಒಂದು ರೀತಿ. ನಡೆದದ್ದರ ಫೋಟೋ ಅಲ್ಲ.

ಈಗ ಕಾಗದ ತೆಗೆದುಕೊಳ್ಳಿ. ಕಾಲ ಎಡದಿಂದ ಬಲಕ್ಕೆ ಎಂದು ಇಟ್ಟುಕೊಳ್ಳೋಣ. ಚಿತ್ರದ ನಡುಭಾಗವನ್ನು ಅಂಗೈಯಿಂದ ಮುಚ್ಚಿ. ಹೊರಗೆ ನಾಲ್ಕು ಗೆರೆಗಳ ತುದಿ ಕಾಣುತ್ತವೆ, ಎಡಕ್ಕೆ ಎರಡು, ಬಲಕ್ಕೆ ಎರಡು. ಎಡಗಡೆಯವು ಬಂದ ಕಣಗಳು, ಬಲಗಡೆಯವು ಹೋದ ಕಣಗಳು. ಕಾಲದ ದಿಕ್ಕು ನಿಜವಾಗಿ ಏನನ್ನಾದರೂ ಹೇಳುವುದು ಈ ನಾಲ್ಕು ತುದಿಗಳಲ್ಲಿ ಮಾತ್ರ. ನಿಮ್ಮ ಎರಡನೇ ಪುಸ್ತಕದಲ್ಲಿ ಬಂದವು ಕೆಳಗಿರುತ್ತವೆ, ಹೋದವು ಮೇಲಿರುತ್ತವೆ, ಅಷ್ಟೇ. ಪುಸ್ತಕ ಕಾಲದ ಬಾಣವನ್ನು ಪಕ್ಕದಲ್ಲಿ ಬರೆಯದಿದ್ದರೆ ಯಾವ ಕಣಗಳು ಬಂದವು ಎಂದು ಪಠ್ಯದಲ್ಲಿ ನೋಡಿ, ಆ ತುದಿಗಳು ಯಾವ ಕಡೆ ಇವೆ ಎಂದು ಹುಡುಕಿ.

ಗೆರೆಯ ಮೇಲಿನ ಬಾಣ ಬೇರೆಯೇ ವಿಷಯ. ಅದು ಕಣ ಚಲಿಸುವ ದಿಕ್ಕಲ್ಲ. ಅದು 'ಎಲೆಕ್ಟ್ರಾನ್‌ತನ' ಹರಿಯುವ ದಿಕ್ಕು. ಎಡತುದಿಯಲ್ಲಿ ಬಾಣ ನಡುಭಾಗದ ಕಡೆ ನೋಡುತ್ತಿದ್ದರೆ ಒಂದು ಎಲೆಕ್ಟ್ರಾನ್ ಬಂತು. ಅದೇ ಎಡತುದಿಯಲ್ಲಿ ಬಾಣ ನಡುಭಾಗದಿಂದ ಹೊರಗೆ ನೋಡುತ್ತಿದ್ದರೆ ಬಂದದ್ದು ಪಾಸಿಟ್ರಾನ್. ಪಾಸಿಟ್ರಾನ್ ನಿಮ್ಮ ಉಪಕರಣದಲ್ಲಿ ಎಲ್ಲ ಕಣಗಳ ಹಾಗೆ ಮುಂದಕ್ಕೇ ಸಾಗುತ್ತದೆ. ಬಾಣ ಹಿಂದಕ್ಕಿರುವುದು ಲೆಕ್ಕ ತಪ್ಪದಿರಲಿ ಅಂತ. ಯಾವ ಲೆಕ್ಕ ಅಂದರೆ, ಗೆರೆಗಳು ಕೂಡುವ ಪ್ರತಿ ಬಿಂದುವಿನಲ್ಲೂ, ಅಂದರೆ ಪ್ರತಿ ವರ್ಟೆಕ್ಸ್‌ನಲ್ಲೂ, ಒಂದು ಬಾಣ ಒಳಗೆ ಬರಬೇಕು, ಒಂದು ಹೊರಗೆ ಹೋಗಬೇಕು, ಜೊತೆಗೆ ಫೋಟಾನಿನ ಒಂದು ಅಲೆಗೆರೆ ಸೇರಬೇಕು. ಎರಡು ಬಾಣಗಳು ಒಂದೇ ಬಿಂದುವಿನಲ್ಲಿ ಮುಖಾಮುಖಿಯಾದರೆ ಚಾರ್ಜ್ ಉಳಿಯಲಿಲ್ಲ, ನಿಮ್ಮ ಚಿತ್ರ ತಪ್ಪು. ಉತ್ತರಪತ್ರಿಕೆಗಳಲ್ಲಿ ಜಾಸ್ತಿ ಕಾಣುವ ತಪ್ಪು ಇದೇ. ಬೆರಳಿಟ್ಟು ಬಾಣದ ದಾರಿ ಹಿಡಿದು ಹೋದರೆ ಕೂಡಲೇ ಗೊತ್ತಾಗುತ್ತದೆ.

ಈಗ ಅಂಗೈ ತೆಗೆಯಿರಿ. ಈ ನಾಲ್ಕು ತುದಿಗಳನ್ನು ಎರಡೇ ವರ್ಟೆಕ್ಸ್ ಬಳಸಿ ಜೋಡಿಸಲು ಎರಡು ದಾರಿಗಳಿವೆ. ಒಂದರಲ್ಲಿ ಎಡಗಡೆಯ ಎರಡೂ ಗೆರೆಗಳು ಒಂದು ವರ್ಟೆಕ್ಸ್‌ನಲ್ಲಿ ಸೇರುತ್ತವೆ, ಅಲ್ಲಿಂದ ಫೋಟಾನ್ ಗೆರೆ ಅಡ್ಡಕ್ಕೆ ಬಲಕ್ಕೆ ಹೋಗುತ್ತದೆ, ಆಚೆಯ ವರ್ಟೆಕ್ಸ್‌ನಿಂದ ಹೊಸ ಜೋಡಿ ಹೊರಡುತ್ತದೆ. ಇದು ಎಸ್-ಚಾನೆಲ್. ಇನ್ನೊಂದರಲ್ಲಿ ಎಲೆಕ್ಟ್ರಾನ್ ಮೇಲ್ಗಡೆ, ಪಾಸಿಟ್ರಾನ್ ಕೆಳಗಡೆ ತಮ್ಮ ತಮ್ಮ ಪಾಡಿಗೆ ಹೋಗುತ್ತವೆ, ನಡುವೆ ಫೋಟಾನ್ ಗೆರೆ ಏಣಿಯ ಮೆಟ್ಟಿಲಿನಂತೆ ಎರಡನ್ನೂ ಕೂಡಿಸುತ್ತದೆ. ಇದು ಟಿ-ಚಾನೆಲ್. ಕಾಗದವನ್ನು ಕಾಲು ಸುತ್ತು ತಿರುಗಿಸಿ ನೋಡಿ, ಒಂದು ಇನ್ನೊಂದರ ಆಕಾರಕ್ಕೆ ಬರುತ್ತದೆ. ಕಾಲ ಯಾವ ಕಡೆ ಎಂದು ತಿಳಿಯದೆ ಚಿತ್ರ ಓದಿದರೆ ಎರಡೂ ಅದಲುಬದಲಾಗುವುದು ಇದರಿಂದಲೇ.

ಅಂಕಿ ಹಾಕೋಣ. ಎರಡೂ ಕಣಗಳಿಗೆ ತಲಾ 5 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಇರಲಿ, ಚಿಕ್ಕದಾಗಿ ಜಿಇವಿ ಎನ್ನೋಣ. ಎಲೆಕ್ಟ್ರಾನಿನ ದ್ರವ್ಯರಾಶಿ ಇದರ ಮುಂದೆ ತೀರಾ ಸಣ್ಣದು, ಬಿಟ್ಟುಬಿಡಬಹುದು. ಬೆಳಕಿನ ವೇಗವನ್ನು 1 ಎಂದಿಟ್ಟರೆ ಪ್ರತಿಯೊಂದರ ಸಂವೇಗವೂ 5. ಒಳಗೆರೆಗೆ ನಾವು ಕೇಳಬೇಕಾದ್ದು ಒಂದೇ ಪ್ರಶ್ನೆ. ಅದರ q² ಎಷ್ಟು? ಶಕ್ತಿಯ ವರ್ಗದಿಂದ ಸಂವೇಗದ ವರ್ಗ ಕಳೆದರೆ ಅದು ಸಿಗುತ್ತದೆ:

q² = E² − p²

ಡಿಟೆಕ್ಟರ್‌ಗೆ ಬಂದು ಬೀಳುವ ಫೋಟಾನಿಗೆ E ಮತ್ತು p ಸಮ. ಆದ್ದರಿಂದ q² ಸೊನ್ನೆ.

ಎಸ್-ಚಾನೆಲ್‌ನಲ್ಲಿ ಮೊದಲ ವರ್ಟೆಕ್ಸ್‌ಗೆ 5 ಮತ್ತು 5 ಸೇರಿ 10 ಜಿಇವಿ ಶಕ್ತಿ ಬಂತು. ಸಂವೇಗಗಳು ಎದುರುಬದುರಾದ್ದರಿಂದ ಮೊತ್ತ 0. ಹಾಗಾದರೆ q² = 100. ಟಿ-ಚಾನೆಲ್‌ನಲ್ಲಿ ಎಲೆಕ್ಟ್ರಾನ್ 60 ಡಿಗ್ರಿ ತಿರುಗಿ ಹೋಯಿತು ಎನ್ನೋಣ. ಅದರ ಶಕ್ತಿ ಮೊದಲೂ 5, ಆಮೇಲೂ 5. ಫೋಟಾನ್ ಒಯ್ದ ಶಕ್ತಿ 0. ಆದರೆ ಸಂವೇಗದ ದಿಕ್ಕು ಬದಲಾಗಿದೆ. ಮೊದಲಿನ ಸಂವೇಗ, ಆಮೇಲಿನ ಸಂವೇಗ, ಅವುಗಳ ವ್ಯತ್ಯಾಸ, ಮೂರೂ ಸೇರಿ ಸಮಬಾಹು ತ್ರಿಕೋನವಾಗುತ್ತದೆ. ಹಾಗಾಗಿ ಫೋಟಾನ್ ಒಯ್ದ ಸಂವೇಗವೂ 5. ಈಗ q² = 0 − 25 = −25.

ಇಲ್ಲಿ ಸ್ವಲ್ಪ ನಿಲ್ಲಿ. ಎರಡೂ ಲೆಕ್ಕದಲ್ಲಿ ಯಾರಾದರೂ ಶಕ್ತಿ ಸಾಲ ಪಡೆದರಾ? ಇಲ್ಲ. ಪ್ರತಿ ವರ್ಟೆಕ್ಸ್‌ನಲ್ಲೂ ಬಂದಷ್ಟೇ ಶಕ್ತಿ ಹೋಗಿದೆ, ಬಂದಷ್ಟೇ ಸಂವೇಗ ಹೋಗಿದೆ. ನಾವು q² ಕಂಡುಹಿಡಿದದ್ದೇ ಆ ನಿಯಮವನ್ನು ಬಳಸಿ. ತಪ್ಪಿಹೋಗಿರುವುದು ಬೇರೊಂದು. 100 ಆಗಲಿ, −25 ಆಗಲಿ, ಸೊನ್ನೆಯಲ್ಲ. ಫೋಟಾನಿನ ಶಕ್ತಿಗೂ ಸಂವೇಗಕ್ಕೂ ಇರಬೇಕಾದ ನಂಟು ಒಳಗೆರೆಯಲ್ಲಿ ಇಲ್ಲ. ವರ್ಚುವಲ್ ಎಂಬ ಮಾತಿನ ಅರ್ಥ ಇಷ್ಟೇ. ವೈವಾದಲ್ಲಿ ಹೇಳಬೇಕಿದ್ದ ಉತ್ತರವೂ ಇದೇ: ಶಕ್ತಿ ಉಳಿಯುತ್ತದೆ, q² ಮಾತ್ರ ಕಣದ ದ್ರವ್ಯರಾಶಿಯ ವರ್ಗಕ್ಕೆ ಸಮವಾಗಿರುವುದಿಲ್ಲ.

ಹಾಗಾದರೆ ಸಾಲದ ಮಾತು ಎಲ್ಲಿಂದ ಬಂತು? ಅದಕ್ಕೂ ಒಂದು ಮೂಲ ಇದೆ. ಫೈನ್‌ಮನ್‌ಗಿಂತ ಮೊದಲಿನ ಲೆಕ್ಕದ ವಿಧಾನದಲ್ಲಿ ಕಾಲದ ಕ್ರಮವನ್ನು ಬಿಡಿಸಿ ಬರೆಯಬೇಕಿತ್ತು. ನಮ್ಮ ಟಿ-ಚಾನೆಲ್ ಅಲ್ಲಿ ಒಂದಲ್ಲ, ಎರಡು ಚಿತ್ರ. ಒಂದರಲ್ಲಿ ಎಲೆಕ್ಟ್ರಾನ್ ಮೊದಲು ಫೋಟಾನ್ ಬಿಡುತ್ತದೆ, ಪಾಸಿಟ್ರಾನ್ ಆಮೇಲೆ ಹಿಡಿಯುತ್ತದೆ. ಇನ್ನೊಂದರಲ್ಲಿ ಪಾಸಿಟ್ರಾನ್ ಮೊದಲು ಬಿಡುತ್ತದೆ. ಆ ವಿಧಾನದಲ್ಲಿ ನಡುವಿನ ಫೋಟಾನ್ ಸರಿಯಾದ ಫೋಟಾನೇ, ಸಂವೇಗ 5 ಇದ್ದರೆ ಶಕ್ತಿಯೂ 5. ಆದರೆ ನಡುವಿನ ಹೊತ್ತಿನಲ್ಲಿ ಒಟ್ಟು ಎಣಿಸಿ. ಎಲೆಕ್ಟ್ರಾನಿಗೆ 5, ಪಾಸಿಟ್ರಾನಿಗೆ 5, ಫೋಟಾನಿಗೆ 5, ಸೇರಿ 15. ಶುರುವಿನಲ್ಲಿ ಇದ್ದದ್ದು 10. ಆ ಹೆಚ್ಚುವರಿ 5 ಜಿಇವಿಯನ್ನೇ ಜನ ಸಾಲ ಎಂದು ಕರೆದರು.

ಸ್ಪಿನ್ನಿನ ವಿವರ ಬದಿಗಿಟ್ಟರೆ, ಹಳೆಯ ವಿಧಾನದಲ್ಲಿ ಪ್ರತಿ ಕ್ರಮದ ಪಾಲು ಹೀಗೆ ಬರುತ್ತದೆ. ω ಎಂದರೆ ಫೋಟಾನಿನ ಶಕ್ತಿ, ಇಲ್ಲಿ 5:

(1/2ω) × 1/(10 − 15) = (1/10) × (−1/5) = −1/50

ಇನ್ನೊಂದು ಕ್ರಮದ್ದೂ −1/50. ಎರಡನ್ನೂ ಕೂಡಿಸಿದರೆ −1/25. ಈಗ ಫೈನ್‌ಮನ್ ವಿಧಾನದಲ್ಲಿ ಒಳಗೆರೆಗೆ ಬರೆಯುವ ಪ್ರೊಪಗೇಟರ್ ನೋಡಿ. ಅದು 1/q², ಅಂದರೆ ನೇರವಾಗಿ −1/25. ಎರಡು ಹಳೆಯ ಚಿತ್ರಗಳ ಮೊತ್ತವೇ ಒಂದು ಹೊಸ ಗೆರೆ. ಮೊದಲ ಸಲ ಈ ಲೆಕ್ಕ ಕೈಯಾರೆ ಮಾಡಿದಾಗ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ. ನೀವೂ ಬೇರೆ ಕೋನ ಹಾಕಿ ಮಾಡಿ ನೋಡಿ.

ನೆಟ್ಟಗೆ ನಿಂತ ಗೆರೆಯ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರ ಇದರಲ್ಲೇ ಸಿಕ್ಕಿತು ಅಲ್ವಾ? ಆ ಗೆರೆ 'ಕಾಲವೇ ಹಿಡಿಯಲಿಲ್ಲ' ಎನ್ನುವುದಿಲ್ಲ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಎರಡೂ ಕ್ರಮ ಅದರೊಳಗಿವೆ. ಓರೆಯಾಗಿ ಬರೆದರೂ ಅದೇ ಲೆಕ್ಕ, ನೆಟ್ಟಗೆ ಬರೆದರೂ ಅದೇ ಲೆಕ್ಕ. ಇನ್ನೊಂದು ವೇಗದಲ್ಲಿ ಸಾಗುವ ವೀಕ್ಷಕರಿಗೆ ಎರಡು ಹಳೆಯ ಚಿತ್ರಗಳ ಪಾಲು −1/50, −1/50 ಎಂದು ಸಮವಾಗಿ ಹಂಚಿಕೆಯಾಗದೆ ಇರಬಹುದು. ನಡುವಿನ 'ಸಾಲ'ದ ಮೊತ್ತವೂ ಬೇರೆಯಾಗುತ್ತದೆ. ಆದರೆ q² ಎಲ್ಲರಿಗೂ −25. ನೋಡುವವರು ಬದಲಾದರೆ ಬದಲಾಗುವ ಸಾಲವನ್ನು ಪ್ರಕೃತಿಯ ಘಟನೆ ಎಂದು ಹೇಳಲು ಬರುವುದಿಲ್ಲ.

ಇನ್ನೊಂದು ಮಾತು. 'ನಿಜವಾಗಿ ಎಸ್-ಚಾನೆಲ್ ನಡೆಯಿತೋ ಟಿ-ಚಾನೆಲ್ ನಡೆಯಿತೋ' ಎಂದು ಕೇಳುವ ಆಸೆ ಆಗುತ್ತದೆ. ಅದಕ್ಕೆ ಉತ್ತರವಿಲ್ಲ. ಎರಡರ ಆಂಪ್ಲಿಟ್ಯೂಡ್‌ಗಳನ್ನು ಮೊದಲು ಸರಿಯಾದ ಚಿಹ್ನೆಯೊಡನೆ ಕೂಡಿಸಿ, ಆಮೇಲೆ ವರ್ಗ ಮಾಡಬೇಕು. ಆಗ ಎರಡೂ ಬೆರೆತ ಒಂದು ಪದ ಬರುತ್ತದೆ. ಯಾವುದೇ ಒಂದನ್ನು ಬಿಟ್ಟರೆ ಅಳತೆಗೆ ಹೊಂದುವುದಿಲ್ಲ. ಆದರೆ ಯಾವುದು ಎಲ್ಲಿ ಮೇಲುಗೈ ಎಂದು ಹೇಳಬಹುದು. 60 ಡಿಗ್ರಿಯಲ್ಲಿ ಪ್ರೊಪಗೇಟರ್‌ಗಳು 1/100 ಮತ್ತು −1/25. ಕೋನವನ್ನು 6 ಡಿಗ್ರಿಗೆ ಇಳಿಸಿದರೆ ಎಸ್-ಚಾನೆಲ್ 1/100ರಲ್ಲೇ ನಿಲ್ಲುತ್ತದೆ. ಟಿ-ಚಾನೆಲ್‌ನ q² ಸುಮಾರು −0.27ಕ್ಕೆ ಬರುತ್ತದೆ, ಪ್ರೊಪಗೇಟರ್ ಸುಮಾರು −3.7 ಆಗುತ್ತದೆ. ಸಣ್ಣ ಕೋನದಲ್ಲಿ ಭಾಭಾ ಚದುರಿಕೆ ಅಷ್ಟೊಂದು ಹೆಚ್ಚಾಗುವುದು ಇದರಿಂದ. ಎಲೆಕ್ಟ್ರಾನ್-ಪಾಸಿಟ್ರಾನ್ ಯಂತ್ರಗಳಲ್ಲಿ ಎಷ್ಟು ಡಿಕ್ಕಿ ಆಗುತ್ತಿದೆ ಎಂದು ಅಳೆಯಲು ಇದನ್ನೇ ಎಣಿಸುತ್ತಾರೆ.

ವರ್ಚುವಲ್ ಎಂಬುದು ಬೇರೆ ಜಾತಿಯ ಕಣವೂ ಅಲ್ಲ. ಎಸ್-ಚಾನೆಲ್‌ನಲ್ಲಿ ಫೋಟಾನಿನ ಜಾಗದಲ್ಲಿ ಜೆಡ್ ಬೋಸಾನ್ ಗೆರೆಯನ್ನೂ ಬರೆಯಬಹುದು. ಅದರ ದ್ರವ್ಯರಾಶಿ M ಸುಮಾರು 91.2 ಜಿಇವಿ, ಪ್ರೊಪಗೇಟರ್ 1/(q² − M²). ನಮ್ಮ 10 ಜಿಇವಿ ಡಿಕ್ಕಿಯಲ್ಲಿ ಛೇದ 100ರಿಂದ ಸುಮಾರು 8300 ಕಳೆದಷ್ಟು, ಹಾಗಾಗಿ ಈ ಗೆರೆಯ ಪಾಲು ಬಹಳ ಸಣ್ಣದು. ಒಟ್ಟು ಶಕ್ತಿಯನ್ನು ಏರಿಸುತ್ತ 91ರ ಹತ್ತಿರ ತಂದರೆ ಛೇದ ಸೊನ್ನೆಯತ್ತ ಹೋಗುತ್ತದೆ. ಜೆಡ್ ಬಹುಬೇಗ ಒಡೆಯುವ ಕಣವಾದ್ದರಿಂದ ಪೂರ್ತಿ ಸೊನ್ನೆಯಾಗದೆ ಉಳಿಯುತ್ತದೆ. ಸರ್ನ್‌ನ ಎಲ್‌ಇಪಿ ಯಂತ್ರ 1989ರಿಂದ ಮಾಡಿದ್ದು ಇದನ್ನೇ. ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ ಘಟನೆಗಳನ್ನು ಎಣಿಸಿದಾಗ 91ರ ಬಳಿ ಒಂದು ಎತ್ತರದ ಶಿಖರ ಮೂಡಿತು, ಅಗಲ ಸುಮಾರು 2.5 ಜಿಇವಿ. ಚಿತ್ರದಲ್ಲಿ ಮಾತ್ರ ಅದೇ ಎರಡು ವರ್ಟೆಕ್ಸ್, ನಡುವೆ ಅದೇ ಒಂದು ಗೆರೆ.