ಮಂತ್ರಿಗೆ ಕೊಟ್ಟ ಮನವಿ ಲೆಕ್ಕಕ್ಕೆ ಬರುತ್ತದೆಯೇ?

ಓದುಗರ ಪತ್ರ: ನನ್ನ ತಮ್ಮ ಆಫ್ರಿಕಾದ ಒಂದು ದೇಶದಲ್ಲಿ ಕಂಪನಿ ಮಾಡಿಕೊಂಡು ನಮ್ಮ ಕಡೆಯ ಸೋನಾ ಮಸೂರಿ ತರಿಸಿ ಮಾರುತ್ತಿದ್ದ. ಕಸ್ಟಮ್ಸ್‌ನವರು ಕಂಟೇನರ್ ಜಪ್ತಿ ಮಾಡಿದರು. ಅವನನ್ನು ಲಾಕಪ್ಪಿನಲ್ಲಿಟ್ಟು, ಆಮೇಲೆ ವಿಮಾನ ಹತ್ತಿಸಿ ಕಳಿಸಿಬಿಟ್ಟರು. ನಮ್ಮ ರಾಯಭಾರ ಕಚೇರಿಯವರು ‘ಮೊದಲು ಅಲ್ಲಿಯ ಕೋರ್ಟಿಗೆ ಹೋಗಿ’ ಅನ್ನುತ್ತಾರೆ. ಅನ್ಯಾಯ ಮಾಡಿದವರ ಹತ್ತಿರವೇ ನ್ಯಾಯ ಕೇಳಬೇಕಾ? ಅಲ್ಲಿಯ ಮಂತ್ರಿಗೆ ಮನವಿ ಕೊಟ್ಟಿದ್ದೇವೆ, ಅಷ್ಟು ಸಾಲದಾ? ದೆಹಲಿಯವರು ನೇರವಾಗಿ ಕೇಸು ಹಾಕಬಾರದಾ?
— ಹೆಸರು ಬೇಡ, ಗಂಗಾವತಿ

ಸಂಪಾದಕರ ಉತ್ತರ: ಮನವಿ ಸಾಲದು. ಆದರೆ ಅದು ನಿಮ್ಮ ತಮ್ಮನಿಗೆ ಕೆಟ್ಟ ಸುದ್ದಿಯೇ ಆಗಬೇಕಿಲ್ಲ. ಯಾಕೆ ಅಂತ ಹೇಳಲು ಅವರದೇ ತರಹದ ಒಬ್ಬ ವ್ಯಾಪಾರಿಯ ಕಥೆ ಹೇಳಬೇಕು.

ಅಹಮದು ಸಾದಿಯೊ ಡಿಯಾಲೊ ಗಿನಿ ದೇಶದವರು. 32 ವರ್ಷ ಕಾಂಗೋದಲ್ಲಿದ್ದು (ಆಗ ಅದರ ಹೆಸರು ಝೈರ್) ಎರಡು ಕಂಪನಿ ನಡೆಸುತ್ತಿದ್ದರು. ಅಲ್ಲಿಯ ಸರ್ಕಾರದಿಂದ, ದೊಡ್ಡ ತೈಲ ಕಂಪನಿಗಳಿಂದ ಬರಬೇಕಾದ ಬಾಕಿಗೆ ಪಟ್ಟು ಹಿಡಿದರು. 1995ರ ನವೆಂಬರ್‌ನಲ್ಲಿ ಅವರನ್ನು ಹಿಡಿದು 66 ದಿನ ಒಳಗಿಟ್ಟರು. ಬಿಟ್ಟು ಮತ್ತೆ ಹಿಡಿದು, 1996ರ ಜನವರಿ 31ರಂದು ದೇಶದಿಂದ ಹೊರಗೆ ಹಾಕಿದರು. ಗಿನಿ ಸರ್ಕಾರ 1998ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು.

ಕಾಂಗೋ ಎತ್ತಿದ ಆಕ್ಷೇಪ ನಿಮ್ಮ ರಾಯಭಾರ ಕಚೇರಿ ಹೇಳಿದ್ದೇ: ಈತ ನಮ್ಮಲ್ಲಿ ಇದ್ದ ದಾರಿಗಳನ್ನೆಲ್ಲ ಬಳಸಿಲ್ಲ. ಅದಕ್ಕೆ ನ್ಯಾಯಾಲಯ 2007ರಲ್ಲಿ ಕೊಟ್ಟ ಉತ್ತರವನ್ನು ನೀವು ಸ್ವಲ್ಪ ನಿಧಾನವಾಗಿ ಓದಬೇಕು. ಡಿಯಾಲೊ ಕೈಗೆ ಕೊಟ್ಟ ಕಾಗದದಲ್ಲಿ ‘ದೇಶದೊಳಗೆ ಪ್ರವೇಶ ನಿರಾಕರಿಸಲಾಗಿದೆ’ ಎಂಬರ್ಥದಲ್ಲಿ ಬರೆದಿದ್ದರು. ಕಾಂಗೋ ಕಾನೂನಿನಲ್ಲಿ ಅಂಥ ಆದೇಶದ ಮೇಲೆ ಅಪೀಲು ಇಲ್ಲ. ಅದು ನಮ್ಮ ಅಧಿಕಾರಿಯ ತಪ್ಪು, ನಿಜಕ್ಕೂ ಅದು ಗಡೀಪಾರು ಆದೇಶವೇ ಅಂತ ಕಾಂಗೋ ವಾದಿಸಿತು. ನಿಮ್ಮ ತಪ್ಪಿನ ಲಾಭ ನಿಮಗೇ ಸಿಗುವುದಿಲ್ಲ ಎಂದಿತು ನ್ಯಾಯಾಲಯ. ಗಡೀಪಾರು ಆದೇಶ ಅಂತಲೇ ಇಟ್ಟುಕೊಂಡರೂ ಅದನ್ನು ಪ್ರಶ್ನಿಸಲು ಅಲ್ಲಿ ದಾರಿ ಇರುವುದನ್ನು ಕಾಂಗೋ ತೋರಿಸಲಿಲ್ಲ. ಪ್ರಧಾನಿಗೆ ‘ಮರುಪರಿಶೀಲಿಸಿ’ ಅಂತ ಕೇಳಬಹುದಿತ್ತಲ್ಲ ಎಂಬ ವಾದವೂ ಬಿತ್ತು. ಅದು ದಯೆ ಕೇಳುವುದು, ಹಕ್ಕಿನಿಂದ ಪಡೆಯುವ ಪರಿಹಾರ ಅಲ್ಲ ಎಂದರು.

ಇದು ಎರಡೂ ಕಡೆ ಹರಿತ. ಮಂತ್ರಿಗೆ ಮನವಿ ಕೊಡಲಿಲ್ಲ ಅಂತ ಯಾರೂ ನಿಮ್ಮ ಕೇಸು ತಳ್ಳಿಹಾಕಲಾರರು. ಹಾಗೆಯೇ, ಕೊಟ್ಟಿದ್ದೇವೆ ಅಂತ ನೀವೂ ಕೋರ್ಟು ಬಿಡುವ ಹಾಗಿಲ್ಲ.

ಹಾಗಾಗಿ ನಿಮ್ಮ ತಮ್ಮನ ಕೈಯಲ್ಲಿರುವ ಕಾಗದ ನೋಡಿ. ಅದರ ಮೇಲೆ ಅಪೀಲು ಇದೆಯಾ, ಎಷ್ಟು ದಿನದಲ್ಲಿ, ಯಾರ ಮುಂದೆ? ಇದನ್ನು ಅಲ್ಲಿಯ ವಕೀಲರೇ ಲಿಖಿತವಾಗಿ ಹೇಳಬೇಕು. ಅಪೀಲೇ ಇಲ್ಲ ಎಂದರೆ ಆ ಅಭಿಪ್ರಾಯದ ಪತ್ರ ದೆಹಲಿಗೆ ಕಳಿಸುವ ಫೈಲಿನಲ್ಲಿ ಮೊದಲ ಹಾಳೆ ಆಗಬೇಕು. ಅಪೀಲು ಇದ್ದರೆ ಹಾಕಲೇಬೇಕು. ಹೊರಗೆ ಹಾಕಿದ್ದಾರೆ, ಹೋಗೋದು ಹೇಗೆ ಅಂತೀರಾ? ಅಲ್ಲಿ ವಕೀಲರ ಮೂಲಕ ನಡೆಸಬಹುದಾದರೆ ಅಧಿಕಾರ ಪತ್ರ ಮಾಡಿಸಿ ಕಳಿಸಿ. ವೀಸಾ ಇಲ್ಲ ಎಂಬುದೊಂದೇ ಕಾರಣ ನಿಲ್ಲುವುದಿಲ್ಲ. ವಕೀಲರನ್ನೂ ಇಡಲು ಬಿಡದಿದ್ದರೆ ಮಾತು ಬೇರೆ.

ಜಪ್ತಿ ಮಾಲಿನ ವಿಷಯ ಇದಕ್ಕಿಂತ ಕಷ್ಟ. ಕಂಪನಿ ಅಲ್ಲಿಯೇ ನೋಂದಾಯಿಸಿದ್ದಾದರೆ ಅದು ಆ ದೇಶದ ಕಂಪನಿ, ಭಾರತದ್ದಲ್ಲ. ಡಿಯಾಲೊ ಕಂಪನಿಗಳು ಕಾಂಗೋದವು ಅಂತಲೇ ಅವುಗಳ ಪರವಾಗಿ ಗಿನಿ ಕೇಳಿದ್ದನ್ನು ನ್ಯಾಯಾಲಯ ಒಪ್ಪಲಿಲ್ಲ. ಉಳಿದದ್ದು ಆ ಮನುಷ್ಯನ ಬಂಧನ, ಗಡೀಪಾರು ಮತ್ತು ಷೇರುದಾರನಾಗಿ ಅವನಿಗೆ ನೇರವಾಗಿ ಇದ್ದ ಹಕ್ಕುಗಳು ಮಾತ್ರ. ಆದ್ದರಿಂದ ಕಂಟೇನರಿನ ಬಿಲ್ಲು, ಬಿಲ್ ಆಫ್ ಲೇಡಿಂಗ್ ಯಾರ ಹೆಸರಲ್ಲಿವೆ ನೋಡಿ. ಕಂಪನಿ ಹೆಸರಲ್ಲಿದ್ದರೆ ಆ ಅಕ್ಕಿಗಾಗಿ ಅಲ್ಲಿಯ ಕೋರ್ಟಿನಲ್ಲೇ ಕೊನೆತನಕ ಹೋರಾಡಬೇಕು, ಬೇರೆ ದಾರಿ ಕಾಣುವುದಿಲ್ಲ. ಜಪ್ತಿಯ ಮೇಲಿನ ಅಪೀಲಿಗೆ ಗಡುವು ಚಿಕ್ಕದಿರಬಹುದು. ಗಡುವು ನೀವೇ ದಾಟಿಸಿಬಿಟ್ಟರೆ ‘ದಾರಿ ಮುಚ್ಚಿತ್ತು’ ಅನ್ನಲಾಗದು.

ಅನ್ಯಾಯ ಮಾಡಿದವರ ಹತ್ತಿರವೇ ಹೋಗಬೇಕಾ ಎಂಬ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಪಹಣಿಯಲ್ಲಿ ತಹಶೀಲ್ದಾರರು ತಪ್ಪು ಹೆಸರು ಕೂರಿಸಿದರು ಅಂತ ನಾಳೆ ನೇರ ಧಾರವಾಡ ಪೀಠಕ್ಕೆ ರಿಟ್ ಹಾಕಿ ನೋಡಿ. ‘ಎಸಿ ಹತ್ತಿರ ಅಪೀಲು ಹಾಕಿದ್ರಾ?’ ಅಂತಲೇ ಕೇಳುತ್ತಾರೆ. ಕೆಳಗಿನ ಅಧಿಕಾರಿಯ ತಪ್ಪನ್ನು ತಾನೇ ತಿದ್ದಿಕೊಳ್ಳುವ ಅವಕಾಶ ಆ ದೇಶಕ್ಕೂ ಇರಬೇಕು ಅನ್ನುವುದು ‘ಮೊದಲು ಅಲ್ಲಿಯ ಕೋರ್ಟು’ ಎಂಬ ನಿಯಮದ ಹಿಂದಿನ ಲೆಕ್ಕ.

ಅವಸರ ಮಾಡಿದವರಲ್ಲಿ ಸ್ವಿಟ್ಜರ್ಲೆಂಡ್ ಕೂಡ ಇದೆ. ಯುದ್ಧಕಾಲದಲ್ಲಿ ಅಮೆರಿಕ ವಶಪಡಿಸಿಕೊಂಡ ಷೇರುಗಳು ತಮ್ಮ ಇಂಟರ್‌ಹ್ಯಾಂಡೆಲ್ ಕಂಪನಿಯವು ಅಂತ ಅದು 1957ರ ಅಕ್ಟೋಬರ್ 2ರಂದು ಹೇಗ್‌ಗೆ ಹೋಯಿತು. ಅಮೆರಿಕದ ಕೋರ್ಟುಗಳಲ್ಲಿ ಕೇಸು ಮುಗಿದಂತೆಯೇ ಅಂದುಕೊಂಡಿದ್ದರು. ಹನ್ನೆರಡೇ ದಿನದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ವಿಚಾರಣೆಗೆ ಒಪ್ಪಿತು, ಮರುವರ್ಷ ಕಂಪನಿಯ ದಾವೆಗೆ ಮತ್ತೆ ಜೀವ ಕೊಟ್ಟಿತು. ಹೇಗ್‌ನಲ್ಲಿ 1959ರಲ್ಲಿ ಒಂಬತ್ತಕ್ಕೆ ಆರು ಮತಗಳಿಂದ ಸ್ವಿಸ್ ಕೇಸು ಬಿದ್ದುಹೋಯಿತು.

ಹಾಗಂತ ಜೀವಮಾನವಿಡೀ ಅಲೆಯಬೇಕಿಲ್ಲ. ಅಲ್ಲಿ ಪರಿಹಾರ ಸಿಗುವ ಸಾಧ್ಯತೆಯೇ ಇಲ್ಲದಿದ್ದರೆ, ಅಥವಾ ಆ ಸರ್ಕಾರದ ಕಾರಣದಿಂದಲೇ ಕೇಸು ವಿಪರೀತ ಎಳೆಯುತ್ತಿದ್ದರೆ ನಿಯಮ ಸಡಿಲಾಗುತ್ತದೆ. ‘ನಮ್ಮ ವಕೀಲರು ಸೋಲ್ತೀವಿ ಅಂದರು’ ಎಂಬುದು ಸಾಲದು. ಅಲ್ಲಿಯ ಮೇಲಿನ ಕೋರ್ಟು ಇಂಥದ್ದೇ ಪ್ರಕರಣಗಳಲ್ಲಿ ಸದಾ ವಿರುದ್ಧವಾಗಿಯೇ ತೀರ್ಪು ಕೊಟ್ಟಿದೆ ಅಂತ ತೋರಿಸಬೇಕು. ಪ್ರತಿ ಮುಂದೂಡಿಕೆಯ ತಾರೀಕು ಮತ್ತು ಕಾರಣ ಬರೆದಿಟ್ಟುಕೊಳ್ಳಿ, ವಿಳಂಬಕ್ಕೆ ಅದೇ ಸಾಕ್ಷಿ.

ಕುಲಭೂಷಣ್ ಜಾಧವ್ ವಿಷಯದಲ್ಲಿ ಭಾರತ ನೇರ ಹೋಯಿತಲ್ಲ ಅಂತ ಕೆಲವರು ಕೇಳುತ್ತಾರೆ. ಅಲ್ಲಿ ವಿಷಯ ಬಂಧಿತನನ್ನು ನಮ್ಮ ದೂತಾವಾಸದವರು ಭೇಟಿಯಾಗುವ ಹಕ್ಕು. ವಿಯೆನ್ನಾ ಒಪ್ಪಂದದಲ್ಲಿ ಅದು ದೇಶದ ಸ್ವಂತ ಹಕ್ಕು ಕೂಡ, ಆದ್ದರಿಂದ ಕಾಯಬೇಕಾದ ಮಾತಿಲ್ಲ. ನಿಮ್ಮ ತಮ್ಮ ಲಾಕಪ್ಪಿನಲ್ಲಿದ್ದಾಗ ‘ನಮ್ಮ ರಾಯಭಾರ ಕಚೇರಿಗೆ ತಿಳಿಸಿ’ ಅಂತ ಕೇಳಿದ್ದರಾ, ಪೊಲೀಸರು ತಿಳಿಸಿದರಾ? ಇದು ಪತ್ರದಲ್ಲಿಲ್ಲ. ತಿಳಿಸಿಲ್ಲವಾದರೆ ದೆಹಲಿಗೆ ಬೇರೆಯೇ ಅರ್ಜಿ ಬರೆಯಿರಿ, ಕೋರ್ಟು ಮುಗಿಯುವವರೆಗೆ ಕಾಯಬೇಡಿ.

ಎಲ್ಲ ಮುಗಿಸಿ ಹೋದರೂ ಕೇಸು ಕೈಗೆತ್ತಿಕೊಳ್ಳುವುದು ಬಿಡುವುದು ಭಾರತ ಸರ್ಕಾರದ ಇಷ್ಟ. ಹೇಗ್ ತನಕ ಹೋಗಲು ಆ ದೇಶವೂ ಒಪ್ಪಿರಬೇಕು. ಅದು ಕಾಮನ್‌ವೆಲ್ತ್ ಸದಸ್ಯ ದೇಶವಾದರೆ ಅಂಥ ದೇಶಗಳ ಜೊತೆಗಿನ ವ್ಯಾಜ್ಯ ಬೇಡ ಅಂತ ಹೇಗ್ ನ್ಯಾಯಾಲಯದ ಅಧಿಕಾರ ಒಪ್ಪುವ ತನ್ನ ಘೋಷಣೆಯಲ್ಲಿ ಭಾರತವೇ ಹೊರಗಿಟ್ಟಿದೆ. ಆಗ ಉಳಿಯುವುದು ಹೆಚ್ಚಾಗಿ ಪತ್ರ ವ್ಯವಹಾರ, ಮಾತುಕತೆ. ಡಿಯಾಲೊಗಾಗಿ ಗಿನಿ ಒಂದು ಕೋಟಿ ಡಾಲರಿಗೂ ಜಾಸ್ತಿ ಕೇಳಿತ್ತು. 2012ರಲ್ಲಿ ಸಿಕ್ಕಿದ್ದು 95,000 ಡಾಲರ್. ಅದರಲ್ಲಿ 85,000 ಅವರು ಪಟ್ಟ ಸಂಕಟಕ್ಕೆ, 10,000 ಮನೆ ಸಾಮಾನಿಗೆ. ಹೋದ ವ್ಯಾಪಾರಕ್ಕೆ ಒಂದು ಡಾಲರೂ ಇಲ್ಲ. ಅಕ್ಕಿಯ ದುಡ್ಡು ಬರಬೇಕು ಅನ್ನುವುದೇ ನಿಮ್ಮ ಮುಖ್ಯ ಆಸೆಯಾದರೆ, ದೆಹಲಿಗೆ ಓಡಾಡುವ ಖರ್ಚನ್ನು ಅಲ್ಲಿಯ ಒಬ್ಬ ಒಳ್ಳೆಯ ಕಸ್ಟಮ್ಸ್ ವಕೀಲರಿಗೆ ಕೊಡುವುದೇ ವಾಸಿ.