ಗುಂಪಿನ ಜೋಕುಗಳಿಂದ ಬೀಳ್ಕೊಡುಗೆ ಭಾಷಣ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ಸೀನಿಯರ್ ಮೇಡಂ ಈ ತಿಂಗಳು ನಿವೃತ್ತರಾಗ್ತಿದ್ದಾರೆ. ಭಾಷಣ ನನ್ನ ಪಾಲಿಗೆ ಬಂದಿದೆ. ಗುಂಪಿನಲ್ಲಿ ಎಲ್ಲರೂ ಜೋಕು, ಚೂರುಪಾರು ನೆನಪು ಅಂತ ಸುಮಾರು 60 ಮೆಸೇಜು ಹಾಕಿದ್ದಾರೆ. ಇದನ್ನ ವೇದಿಕೆ ಮೇಲೆ ಹೇಳುವ ಹಾಗೆ ಮಾಡೋದು ಹೇಗೆ?

ಮೊದಲು ಎಲ್ಲ ಮೆಸೇಜುಗಳನ್ನೂ ಎಮೋಜಿ ತೆಗೆದು ಒಂದು ಹಾಳೆಗೆ ಇಳಿಸಿಕೊಳ್ಳಿ. ಆಮೇಲೆ ಒಂದೊಂದನ್ನೇ ಗಟ್ಟಿಯಾಗಿ ಓದಿ. ಗುಂಪಿನಲ್ಲಿ ಎಲ್ಲರನ್ನೂ ನಗಿಸಿದ ಎಷ್ಟೋ ಸಾಲುಗಳು ಆಗ ಚುಚ್ಚುಮಾತಿನ ಹಾಗೆ ಕೇಳಿಸುತ್ತವೆ. ‘ಇದು ಪ್ರೀತಿಯಿಂದ ಹೇಳಿದ್ದು’ ಎಂದು ಅಲ್ಲಿ ಸೂಚಿಸುತ್ತಿದ್ದದ್ದು ಪಕ್ಕದ ನಗುಮುಖ. ವೇದಿಕೆಯಲ್ಲಿ ಆ ನಗುಮುಖ ಇರುವುದಿಲ್ಲ. ಮೇಲಾಗಿ ಎದುರಿಗೆ ಮೇಡಂ ಅವರ ಮನೆಯವರು, ಮೇಲಧಿಕಾರಿಗಳು, ಮೊನ್ನೆ ಸೇರಿದ ಹೊಸಬರು ಕೂತಿರುತ್ತಾರೆ. ಅವರಿಗೆ ಜೋಕಿನ ಹಿಂದಿನ ಸಂಗತಿ ಗೊತ್ತಿರುವುದಿಲ್ಲ. ಹಾಗಾಗಿ ನಗುಮುಖ ಮಾಡುತ್ತಿದ್ದ ಕೆಲಸವನ್ನು ಈಗ ನಿಮ್ಮ ವಾಕ್ಯವೇ ಮಾಡಬೇಕು.

ಪ್ರತಿ ಜೋಕಿಗೂ ಒಂದು ಪ್ರಶ್ನೆ ಹಾಕಿ: ಮೇಡಂ ಏನು ಮಾಡುತ್ತಿದ್ದರು ಅಂತ ಈ ಜೋಕು ಹುಟ್ಟಿತು? ಉತ್ತರವನ್ನು ಅಂಚಿನಲ್ಲಿ ಒಂದೇ ಪದದಲ್ಲಿ ಬರೆಯಿರಿ: ‘ಕೆಂಪುಪೆನ್ನು’, ‘ಫೋನು’, ‘ಹೊಸಬರು’, ಹೀಗೆ. ಅರವತ್ತು ಮೆಸೇಜು ಐದಾರು ಅಭ್ಯಾಸಗಳಿಗೆ ಇಳಿದುಬಿಡುತ್ತವೆ. ಅವುಗಳಲ್ಲಿ ಮೂರನ್ನು ಮಾತ್ರ ಇಟ್ಟುಕೊಳ್ಳಿ. ಆರಿಸುವಾಗ ಮೆಸೇಜಿನ ಸಂಖ್ಯೆ ನೋಡಬೇಡಿ, ಎಷ್ಟು ಬೇರೆಬೇರೆ ಜನ ಹೇಳಿದ್ದಾರೆ ಎಂದು ನೋಡಿ. ಒಂದೇ ಕೋಣೆಯ ಇಬ್ಬರು ಹತ್ತು ಮೆಸೇಜು ಹಾಕಿದ್ದರೆ ಅದು ಆ ಇಬ್ಬರ ಜೋಕು. ಸಭೆಯಲ್ಲಿ ನಗುವವರೂ ಅವರಿಬ್ಬರೇ ಆಗಿರುತ್ತಾರೆ.

ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ. ‘ಕೆಂಪುಪೆನ್ನು’ ಅಡಿಯಲ್ಲಿ ಈ ನಾಲ್ಕು ಬಂದಿವೆ ಅಂದುಕೊಳ್ಳಿ:

“ನನ್ನ ಡ್ರಾಫ್ಟು ಆಪರೇಷನ್ ಥಿಯೇಟರಿಂದ ಬಂತು, ಬರೀ ರಕ್ತ 😂”
“ಮೂರನೇ ಸಲ ವಾಪಸ್. ಒಂದು ಅಲ್ಪವಿರಾಮಕ್ಕೆ!!”
“ಮೇಡಂ ರಿಟೈರ್ ಆದ್ರೆ ಕೆಂಪು ಪೆನ್ನಿನ ಕಂಪನಿ ಮುಚ್ಚುತ್ತೆ 🤣”
“ಬೈದಿಲ್ಲ ಆದ್ರೆ. ಪಕ್ಕ ಕೂರಿಸ್ಕೊಂಡು ಯಾಕೆ ತಪ್ಪು ಅಂತ ತೋರಿಸಿದ್ರು”

ನಾಲ್ಕನೆಯದಕ್ಕೆ ಎಮೋಜಿ ಇಲ್ಲ, ಯಾರೂ ಉತ್ತರಿಸಿಯೂ ಇಲ್ಲ. ಎಲ್ಲರೂ ದಾಟಿಕೊಂಡು ಹೋಗುವ ಮೆಸೇಜು ಇದು, ಆದರೆ ನಿಮ್ಮ ಭಾಷಣ ಇರುವುದು ಇಲ್ಲೇ. ಹಾಕಿದವರಿಗೆ ಫೋನ್ ಮಾಡಿ. ‘ಮೇಡಂ ಬಗ್ಗೆ ಏನಾದರೂ ಹೇಳಿ’ ಎಂದು ಕೇಳಿದರೆ ‘ತುಂಬ ಒಳ್ಳೆಯವರು’ ಎಂಬ ಉತ್ತರ ಬರುತ್ತದೆ. ಅದರ ಬದಲು ‘ಯಾವ ಕಾಗದ ಅದು? ತಪ್ಪು ಏನಿತ್ತು? ಮೇಡಂ ಬಾಯಲ್ಲಿ ಬಂದ ಮಾತು ಯಾವುದು?’ ಎಂದು ಕೇಳಿ. ಪತ್ರದಲ್ಲಿ ಒಂದು ಮೊತ್ತ, ಪಟ್ಟಿಯಲ್ಲಿ ಇನ್ನೊಂದು ಇತ್ತು, ಮೇಡಂ ಅಂಚಿನಲ್ಲಿ ಒಂದು ಪ್ರಶ್ನೆ ಬರೆದಿದ್ದರು ಎಂಬಷ್ಟು ಸಿಕ್ಕರೆ ಸಾಕು, ಹೀಗೆ ಬರೆಯಬಹುದು:

“ನಮ್ಮ ವಿಭಾಗದಲ್ಲಿ ಮೇಡಂ ಅವರ ಕೆಂಪು ಪೆನ್ನು ತಾಗದ ಡ್ರಾಫ್ಟು ಇಲ್ಲ. ನನ್ನದು ಆಪರೇಷನ್ ಥಿಯೇಟರಿನಿಂದಲೇ ಬಂತು ಎಂದು ನಮ್ಮಲ್ಲೊಬ್ಬರು ಹೇಳಿದ್ದುಂಟು. ಒಮ್ಮೆ ಹೊಸದಾಗಿ ಸೇರಿದ ಹುಡುಗನೊಬ್ಬ ಬರೆದ ಪತ್ರದಲ್ಲಿ ಮೊತ್ತ ಒಂದಿತ್ತು, ಕೆಳಗಿನ ಪಟ್ಟಿಯಲ್ಲಿ ಇನ್ನೊಂದಿತ್ತು. ಮೇಡಂ ಅದನ್ನು ತಿದ್ದಲಿಲ್ಲ. ಅಂಚಿನಲ್ಲಿ ‘ಇದು ಎಲ್ಲಿಂದ ಬಂತು?’ ಎಂದಷ್ಟೇ ಬರೆದರು. ಪಕ್ಕದಲ್ಲಿ ಕೂರಿಸಿಕೊಂಡು, ಆ ಹುಡುಗನೇ ತಪ್ಪು ಹುಡುಕುವವರೆಗೂ ಕಾದರು. ಈಗ ಅವನೂ ತನ್ನ ಕಿರಿಯರ ಡ್ರಾಫ್ಟಿನ ಅಂಚಿನಲ್ಲಿ ಅದೇ ಪ್ರಶ್ನೆ ಬರೆಯುತ್ತಾನೆ.”

ಇಲ್ಲಿ ನಗು ಮೊದಲು ಬಂತು, ಸಂಗತಿ ಆಮೇಲೆ. ತಿರುಗಿಸಿ, ಸಂಗತಿ ಹೇಳಿ ಕೊನೆಗೆ ಜೋಕು ಹಾಕಿದರೆ ಅಷ್ಟು ಹೊತ್ತು ಕಟ್ಟಿದ್ದು ಹಗುರವಾಗಿಬಿಡುತ್ತದೆ. ‘ರಕ್ತ’ ಎಂಬ ಪದ ಬಿಟ್ಟೆ, ಆಪರೇಷನ್ ಥಿಯೇಟರ್ ಒಂದೇ ಸಾಕು. ಅಲ್ಪವಿರಾಮದ ಮೆಸೇಜು ಸಭೆಯಲ್ಲಿ ದೂರಿನ ಹಾಗೆ ಕೇಳುತ್ತದೆ. ಪೆನ್ನಿನ ಕಂಪನಿಯ ಜೋಕು ‘ಅಬ್ಬಾ, ಹೊರಟರಲ್ಲ’ ಎಂಬ ನಿಟ್ಟುಸಿರಿನ ಹಾಗೆ ಕೇಳುತ್ತದೆ. ಎರಡನ್ನೂ ಕೈಬಿಟ್ಟಿದ್ದು ಅದಕ್ಕೇ.

ಇನ್ನೊಂದು ತೊಡಕು ನಮ್ಮ ಭಾಷೆಯದೇ. ಗೌರವಕ್ಕೆ ಎಲ್ಲರನ್ನೂ ‘ಅವರು’ ಎನ್ನುತ್ತೇವೆ. ಮೇಡಂ ಕೂಡ ಅವರು, ಹೊಸಬರೂ ಅವರು, ಮೇಲಧಿಕಾರಿಯೂ ಅವರು. ಓದುವವರು ಹಿಂದಿನ ಸಾಲಿಗೆ ಹೋಗಿ ನೋಡಬಹುದು, ಕೇಳುವವರಿಗೆ ಅದು ಆಗದು. ಒಂದು ಘಟನೆಯಲ್ಲಿ ಇಬ್ಬರು ಬಂದರೆ ‘ಮೇಡಂ’ ಎಂಬುದನ್ನು ಧಾರಾಳವಾಗಿ ಮತ್ತೆಮತ್ತೆ ಹೇಳಿ. ಬರಹದಲ್ಲಿ ಪುನರಾವರ್ತನೆ ಅನಿಸಿದರೂ ಕಿವಿಗೆ ಅದು ದಾರಿ ತೋರಿಸುತ್ತದೆ. ಹಾಗೆಯೇ ‘ಬಂದ್ರು, ತೋರಿಸಿದ್ರು’ ಎಂಬುದನ್ನು ‘ಬಂದರು, ತೋರಿಸಿದರು’ ಎಂದು ಮಾಡಿ, ಆದರೆ ಅಲ್ಲಿಗೇ ನಿಲ್ಲಿಸಿ. ‘ಆಗಮಿಸಿದರು, ಮನಗಾಣಿಸಿದರು’ ತನಕ ಹೋದರೆ ಮೇಡಂ ಮಾಯವಾಗಿ ಸನ್ಮಾನಪತ್ರ ಉಳಿಯುತ್ತದೆ. ‘ತುಂಬಲಾರದ ನಷ್ಟ’, ‘ನಮ್ಮನ್ನು ಅಗಲುತ್ತಿದ್ದಾರೆ’ ಎಂಬ ಮಾತುಗಳನ್ನಂತೂ ಬಳಸಲೇಬೇಡಿ. ಅವು ಶ್ರದ್ಧಾಂಜಲಿಯ ಮಾತುಗಳು.

ಹೊರಗಿಡಬೇಕಾದವು ಯಾವುವು ಎಂಬುದು ನಿಮಗೂ ಹೊಳೆದಿರುತ್ತದೆ: ವಯಸ್ಸು, ಆರೋಗ್ಯ, ಮೈಕಟ್ಟು, ಮನೆಯ ವಿಷಯ. ಇವುಗಳ ಜೊತೆಗೆ ಸುಲಭವಾಗಿ ನುಸುಳಿಬಿಡುವ ಒಂದಿದೆ, ನಿಯಮ ಸಡಿಲಿಸಿ ಸಹಾಯ ಮಾಡಿದ ಕಥೆ. ‘ನಾನು ತಡವಾಗಿ ಬಂದ ದಿನ ಮೇಡಂ ಸುಮ್ಮನೆ ಸಹಿ ಹಾಕಲು ಬಿಟ್ಟರು’ ಎಂಬುದು ಹೇಳುವವರ ಮಟ್ಟಿಗೆ ಕೃತಜ್ಞತೆ. ಮೇಲಧಿಕಾರಿಗಳ ಮುಂದೆ ಅದು ಮೇಡಂ ವಿರುದ್ಧ ಸಾಕ್ಷಿ ಹೇಳಿದಂತೆ ಆಗುತ್ತದೆ. ಯಾರ ಮೆಸೇಜು ಬಳಸುತ್ತೀರೋ ಅವರನ್ನೂ ಒಂದು ಮಾತು ಕೇಳಿ, ಹೆಸರು ಹೇಳಬಹುದೇ ಬೇಡವೇ ಎಂದು. ಸೇರಿದ ವರ್ಷ, ಹುದ್ದೆಗಳ ಹೆಸರನ್ನು ಗುಂಪಿನಿಂದ ಎತ್ತಿಕೊಳ್ಳಬೇಡಿ. ಅಲ್ಲಿ ‘30 ವರ್ಷ’ ಎಂದು ಯಾರೋ ಅಂದಾಜಿಗೆ ಹಾಕಿರುತ್ತಾರೆ. ಕಚೇರಿಯ ದಾಖಲೆಯಲ್ಲಿ ನೋಡಿ, ಇಲ್ಲವೇ ಮೇಡಂ ಅವರನ್ನೇ ಕೇಳಿ.

ಉದ್ದ ನಾಲ್ಕು ನಿಮಿಷ ಸಾಕು. ನಿಧಾನವಾಗಿ ಓದಿದರೆ ನಿಮಿಷಕ್ಕೆ 90 ಪದದ ಆಸುಪಾಸು ಹೋಗುತ್ತದೆ, ನಗುವಿಗೆ ಅರ್ಧ ನಿಮಿಷ ಬಿಟ್ಟರೆ ಒಟ್ಟು ಸುಮಾರು 315 ಪದ. ಮೂರು ಅಭ್ಯಾಸಗಳಿಗೆ ತಲಾ 70, ಆರಂಭಕ್ಕೆ 50, ಕೊನೆಗೆ 55. ಗಡಿಯಾರ ಇಟ್ಟುಕೊಂಡು ಒಮ್ಮೆ ಓದಿನೋಡಿ, ಮೂರೂವರೆ ನಿಮಿಷಕ್ಕೆ ಮುಗಿದರೆ ಸರಿ. ಉಳಿದದ್ದು ಜನ ನಗುವುದಕ್ಕೆ ಬೇಕು. ಮೀರಿದರೆ ವಾಕ್ಯಗಳನ್ನು ಹಿಂಡುತ್ತ ಕೂರಬೇಡಿ, ಒಂದು ಅಭ್ಯಾಸವನ್ನೇ ಪೂರ್ತಿ ತೆಗೆಯಿರಿ.

ಇಡೀ ಭಾಷಣ ಸಭೆಯ ಕಡೆಗಿರಲಿ, ‘ಮೇಡಂ ಹೀಗೆ ಮಾಡುತ್ತಿದ್ದರು’ ಎಂದು. ಕೊನೆಯ ಪ್ಯಾರಾದಲ್ಲಿ ಮಾತ್ರ ಅವರ ಕಡೆ ತಿರುಗಿ ‘ನೀವು’ ಎನ್ನಿ. ಮೊದಲಿಂದಲೂ ಒಮ್ಮೆ ‘ಅವರು’, ಒಮ್ಮೆ ‘ನೀವು’ ಎಂದು ಬೆರೆಸಿದ್ದರೆ ಈ ತಿರುವು ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಹೊಸ ವಿಷಯ ತರದೆ, ಹೇಳಿದ್ದರಲ್ಲೇ ಒಂದನ್ನು ಎತ್ತಿಕೊಳ್ಳಿ: “ಮೇಡಂ, ನಾಳೆಯಿಂದ ಅಂಚಿನಲ್ಲಿ ನೀವು ಬರೆಯುವುದಿಲ್ಲ. ಆದರೂ ಪ್ರತಿ ಮೊತ್ತದ ಪಕ್ಕ ‘ಇದು ಎಲ್ಲಿಂದ ಬಂತು?’ ಎಂದು ನಾವು ಕೇಳಿಕೊಂಡೇ ಸಹಿ ಹಾಕುತ್ತೇವೆ.” ಈ ಎರಡು ವಾಕ್ಯ ಮಾತ್ರ ಬಾಯಿಪಾಠ ಇರಲಿ. ಹಾಳೆ ಕೆಳಗಿಟ್ಟು ಅವರ ಮುಖ ನೋಡಿ ಹೇಳಿ.